ಸೀಟು ಸಿಕ್ಕ ಮೇಲಿನ ಲೆಕ್ಕ

ಸಿಇಟಿ ಕೌನ್ಸೆಲಿಂಗ್ ಮುಗಿದು ಸೀಟು ಖಾತ್ರಿಯಾದ ಮೇಲೆ ಒಂದು ವಾರ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಅಡ್ಮಿಷನ್ ಕೌಂಟರ್ ಮುಂದೆ ನಿಂತು ನೋಡಬೇಕು. ಫೀಸು ಆಗಲೇ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಖಾತೆಗೆ ಹೋಗಿರುತ್ತದೆ. ಕೈಯಲ್ಲಿ ಅಡ್ಮಿಷನ್ ಆರ್ಡರ್ ಇರುತ್ತದೆ. ಆದರೂ ಕೌಂಟರಿನವರು ಒಂದು ಚೀಟಿ ಮುಂದೆ ಸರಿಸುತ್ತಾರೆ. ಕೊಪ್ಪಳದ ಕಡೆಯ ಅಪ್ಪ "ಕೆಇಎಗೆ ಎಲ್ಲಾ ಕಟ್ಟೀವಲ್ರೀ ಸರ್" ಎನ್ನುತ್ತಾರೆ. "ಅದು ಟ್ಯೂಷನ್ ಫೀ ಅಷ್ಟೇ, ಇದು ಕಾಲೇಜಿಂದು" ಎಂಬ ಉತ್ತರ ಬರುತ್ತದೆ. ಹಿಂದೆ ಸಾಲು ಬೆಳೆಯುತ್ತಿರುತ್ತದೆ, ವರದಿ ಮಾಡಿಕೊಳ್ಳಲು ಅದೇ ಕೊನೆಯ ದಿನವಾಗಿರುತ್ತದೆ. ಮಗಳು ಅಪ್ಪನ ಮುಖ ನೋಡುತ್ತಾಳೆ. ಅಪ್ಪ ಹಣ ಕಟ್ಟುತ್ತಾರೆ.

ಇಂದು ನಿಗದಿತ ಶುಲ್ಕಕ್ಕಿಂತ ಹೆಚ್ಚು ಹಣ ಹೋಗುವುದು ಬಹುಮಟ್ಟಿಗೆ ಹೀಗೆ. ಮೊದಲಿನಂತೆ ಸೂಟ್‌ಕೇಸ್ ಹಿಡಿದು ಟ್ರಸ್ಟಿನ ಮನೆಗೆ ಹೋಗುವ ಡೊನೇಷನ್ ನಿಂತಿದೆ ಎಂದಲ್ಲ, ಮೆಡಿಕಲ್ ಸೀಟಿನ ಮಟ್ಟಿಗೆ ಅದರ ಸುದ್ದಿ ಈಗಲೂ ಕೇಳುತ್ತೇವೆ. ಆದರೆ ಸರ್ಕಾರಿ ಕೋಟಾದಲ್ಲಿ ಸೀಟು ಪಡೆದ ಸಾಮಾನ್ಯ ಮನೆಯ ಮಕ್ಕಳಿಂದ ಹಣ ಹೋಗುವುದು 'ಇತರೆ ಶುಲ್ಕ' ಎಂಬ ತಲೆಬರಹದ ಕೆಳಗೆ. ದೂರು ಕೊಡಬೇಕೆಂದಿರುವವರು ಮೊದಲು ತಿಳಿಯಬೇಕಾದ್ದು, ಶುಲ್ಕ ಎಷ್ಟು ಎಂದು ಹೇಳುವ ಅಧಿಕಾರ ಯಾರಿಗಿದೆ, ಆ ಮೊತ್ತದ ಒಳಗೆ ಏನೇನು ಸೇರಿದೆ ಎಂಬುದನ್ನು.

ಈ ಕಥೆಯ ದೊಡ್ಡ ಭಾಗ ನಡೆದದ್ದು ಕರ್ನಾಟಕದಲ್ಲೇ. 1984ರಲ್ಲಿ ರಾಜ್ಯ ಸರ್ಕಾರ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ನಿಗದಿಪಡಿಸಿದ ಶುಲ್ಕಕ್ಕಿಂತ ಹೆಚ್ಚಾಗಿ ಯಾವ ಹೆಸರಿನಲ್ಲಿ ಪಡೆದರೂ ಅದು ಕ್ಯಾಪಿಟೇಶನ್ ಎಂಬುದು ಅದರ ತಿರುಳು. ಆ ಕಾಯ್ದೆ ಇಂದಿಗೂ ಜಾರಿಯಲ್ಲಿದೆ, ಅದರಡಿ ಅಪರಾಧ ಸಾಬೀತಾದರೆ ಜೈಲು ಶಿಕ್ಷೆಯೂ ಇದೆ. 1989ರಲ್ಲಿ ಅದೇ ಕಾಯ್ದೆಯಡಿ ಹೊರಬಿದ್ದ ಅಧಿಸೂಚನೆ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ಮೂರು ದರ ಹಾಕಿತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಉಳಿದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ತುಮಕೂರಿನ ಕಾಲೇಜೊಂದರಲ್ಲಿ ಸೀಟು ಬಯಸಿ ಇದನ್ನು ಪ್ರಶ್ನಿಸಿದರು. 1992ರಲ್ಲಿ ಸುಪ್ರೀಂ ಕೋರ್ಟ್ ಆ ದುಬಾರಿ ದರವೂ ಬೇರೆ ಹೆಸರಿನ ಕ್ಯಾಪಿಟೇಶನ್ ಶುಲ್ಕವೇ ಎಂದಿತು. ಮರುವರ್ಷ ಉಣ್ಣಿಕೃಷ್ಣನ್ ತೀರ್ಪಿನಲ್ಲಿ ಸೀಟುಗಳು ಅರ್ಧ 'ಫ್ರೀ', ಅರ್ಧ 'ಪೇಮೆಂಟ್' ಎಂದಾದವು. ನಮ್ಮ ಸಿಇಟಿ ಹುಟ್ಟಿದ್ದು ಆ ಹೊತ್ತಿನಲ್ಲೇ.

2002ರಲ್ಲಿ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಈ ಏರ್ಪಾಟನ್ನು ತೆಗೆದುಹಾಕಿತು. ಖಾಸಗಿ ಕಾಲೇಜು ತನ್ನ ಶುಲ್ಕವನ್ನು ತಾನೇ ಗೊತ್ತುಮಾಡಿಕೊಳ್ಳಬಹುದು, ಸಂಸ್ಥೆಯ ಬೆಳವಣಿಗೆಗೆ ಬೇಕಾದಷ್ಟು ಮಿಗಿಸಿಕೊಳ್ಳಲೂಬಹುದು, ಆದರೆ ಲಾಭಕೋರತನ ಸಲ್ಲದು, ಕ್ಯಾಪಿಟೇಶನ್ ಕೂಡದು ಎಂದು ಹೇಳಿತು. ಎರಡೂ ಕಡೆಯವರು ತಾವೇ ಗೆದ್ದೆವೆಂದುಕೊಂಡು ಹೊರಬಂದರು. ಮಿಗಿಸಿಕೊಳ್ಳುವುದು ಎಲ್ಲಿ ಮುಗಿದು ಲಾಭಕೋರತನ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಹೇಳುವವರು ಯಾರೂ ಇರಲಿಲ್ಲ. ಆ ಕೆಲಸಕ್ಕಾಗಿಯೇ 2003ರ ಆಗಸ್ಟಿನಲ್ಲಿ, ಇಸ್ಲಾಮಿಕ್ ಅಕಾಡೆಮಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟ್ ಪ್ರತಿ ರಾಜ್ಯವೂ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯ ಅಧ್ಯಕ್ಷತೆಯಲ್ಲಿ ಶುಲ್ಕ ಸಮಿತಿ ರಚಿಸಬೇಕೆಂದು ಆದೇಶಿಸಿತು. ಅದರಲ್ಲಿ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಇರಬೇಕು, ವೈದ್ಯಕೀಯ ಅಥವಾ ತಾಂತ್ರಿಕ ಶಿಕ್ಷಣ ಮಂಡಳಿಯ ಪ್ರತಿನಿಧಿ ಇರಬೇಕು, ಇಲಾಖೆಯ ಕಾರ್ಯದರ್ಶಿ ಇರಬೇಕು. ಇಂದು ದೇಶದ ಬಹುತೇಕ ರಾಜ್ಯಗಳಲ್ಲಿರುವ ಶುಲ್ಕ ನಿಯಂತ್ರಣ ಸಮಿತಿಗಳ ಬೇರು ಈ ತೀರ್ಪಿನಲ್ಲಿದೆ. ಕರ್ನಾಟಕ 2006ರಲ್ಲಿ ವೃತ್ತಿಶಿಕ್ಷಣ ಸಂಸ್ಥೆಗಳ ಕಾಯ್ದೆ ಮಾಡಿ, ಶುಲ್ಕಕ್ಕೊಂದು ಸಮಿತಿ, ಪ್ರವೇಶದ ಮೇಲುಸ್ತುವಾರಿಗೊಂದು ಸಮಿತಿ ಎಂದು ಇದಕ್ಕೆ ಕಾನೂನಿನ ರೂಪ ಕೊಟ್ಟಿತು.

ಸಮಿತಿ ಲೆಕ್ಕ ಹಾಕುವ ಬಗೆ ಕೇಳಲು ಸರಳ. ಕಾಲೇಜು ತಾನು ಬಯಸುವ ಶುಲ್ಕದ ಪ್ರಸ್ತಾವವನ್ನು ಲೆಕ್ಕಪುಸ್ತಕಗಳ ಸಮೇತ ಮುಂದಿಡಬೇಕು. ಸಿಬ್ಬಂದಿಯ ಸಂಬಳ, ಪ್ರಯೋಗಾಲಯ, ಗ್ರಂಥಾಲಯ, ಕಟ್ಟಡದ ನಿರ್ವಹಣೆ ಎಂದು ನಿಜವಾಗಿ ಆದ ಖರ್ಚನ್ನು ಸಮಿತಿ ನೋಡುತ್ತದೆ. ಕೋರ್ಸಿಗೆ ಸಂಬಂಧವಿಲ್ಲದ್ದನ್ನು, ಟ್ರಸ್ಟಿನ ಬೇರೆ ಶಾಲೆಗೋ ಟ್ರಸ್ಟಿಗಳ ಕಾರಿಗೋ ಹೋದದ್ದನ್ನು ಕಳೆಯಬೇಕು. ಉಳಿದದ್ದಕ್ಕೆ ಸಂಸ್ಥೆಯ ಬೆಳವಣಿಗೆಗೆಂದು ಒಂದಿಷ್ಟು ಸೇರಿಸಿ ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸಿದರೆ ತಲಾ ಶುಲ್ಕ ಬರುತ್ತದೆ. ಇಸ್ಲಾಮಿಕ್ ಅಕಾಡೆಮಿ ತೀರ್ಪಿನಲ್ಲಿ ಪ್ರತ್ಯೇಕ ಅಭಿಪ್ರಾಯ ಬರೆದ ನ್ಯಾಯಮೂರ್ತಿಗಳು ಈ ಮಿಗತೆ ಸಾಮಾನ್ಯವಾಗಿ ಶೇ. 6ರಿಂದ 15ರೊಳಗೆ ಇರಬೇಕು ಎಂದಿದ್ದರು. ಹೀಗೆ ಗೊತ್ತಾದ ಶುಲ್ಕ ಮೂರು ವರ್ಷ ಕಾಲೇಜನ್ನು ಕಟ್ಟಿಹಾಕುತ್ತದೆ.

ನಮ್ಮ ರಾಜ್ಯದ ಎಂಜಿನಿಯರಿಂಗ್ ಶುಲ್ಕ ಹುಟ್ಟುವ ರೀತಿ ಮಾತ್ರ ಇಷ್ಟು ನೇರವಲ್ಲ. ಇಲ್ಲಿ ವರ್ಷಗಳಿಂದ ಸರ್ಕಾರವೂ ಖಾಸಗಿ ಕಾಲೇಜುಗಳ ಸಂಘವೂ ಎದುರುಬದುರು ಕೂತು ಒಡಂಬಡಿಕೆ ಮಾಡಿಕೊಳ್ಳುತ್ತವೆ. ಸೀಟುಗಳಲ್ಲಿ ಶೇ. 45 ಕೆಇಎ ಮೂಲಕ, ಶೇ. 30 ಕಾಮೆಡ್-ಕೆ ಮೂಲಕ, ಉಳಿದ ಶೇ. 25 ಮ್ಯಾನೇಜ್‌ಮೆಂಟ್ ಮತ್ತು ಎನ್‌ಆರ್‌ಐ ಎಂಬ ಹಂಚಿಕೆ ಹೀಗೆ ಬಂದದ್ದು. ಶುಲ್ಕವೂ ಅದೇ ಮೇಜಿನ ಮೇಲೆ ಚೌಕಾಸಿಯಾಗಿ, ಎರಡು ದರ್ಜೆಯ ದರಗಳಾಗಿ, ಸರ್ಕಾರಿ ಆದೇಶದ ರೂಪದಲ್ಲಿ ಹೊರಬರುತ್ತದೆ. ಕಾಲೇಜುಗಳವರು ಸರ್ಕಾರಿ ಕೋಟಾದ ದರದಲ್ಲಿ ನಮ್ಮ ಖರ್ಚು ಹುಟ್ಟುವುದಿಲ್ಲ ಎಂದು ಪ್ರತಿವರ್ಷ ದೂರುತ್ತಾರೆ. ಅದರಲ್ಲಿ ಸ್ವಲ್ಪ ನಿಜವೂ ಇದೆ, ಕಾಮೆಡ್-ಕೆ ವಿದ್ಯಾರ್ಥಿ ಅದೇ ಬೆಂಚಿನಲ್ಲಿ ಕೂತು ಎರಡು ಪಟ್ಟಿಗೂ ಹೆಚ್ಚು ಕಟ್ಟುತ್ತಾನೆ. ಆದರೆ ಮೇಜಿನ ಮೇಲೆ ಒಪ್ಪಿ ಸಹಿ ಹಾಕಿದ ದರ ಸಾಲದೆಂದು ಕೌಂಟರಿನಲ್ಲಿ ಇನ್ನೊಂದು ಚೀಟಿ ಕೊಡುವುದಕ್ಕೆ ಆ ನಿಜ ಸಮರ್ಥನೆಯಾಗುವುದಿಲ್ಲ.

ಈ ಚೀಟಿಯ ಬಗ್ಗೆ 2003ರ ತೀರ್ಪು ಸ್ಪಷ್ಟವಾಗಿದೆ. ಸಮಿತಿ ಶುಲ್ಕ ಗೊತ್ತುಮಾಡಿದ ಮೇಲೆ ನೇರವಾಗಲಿ ಬಳಸಿಯಾಗಲಿ ಅದರ ಮೇಲೆ ಹಣ ಪಡೆಯುವಂತಿಲ್ಲ. ದೇಣಿಗೆ ಎಂದು ಕರೆದರೂ, ಬೇರೆ ಯಾವ ಶೀರ್ಷಿಕೆ ಕೊಟ್ಟರೂ ಅದು ಕ್ಯಾಪಿಟೇಶನ್ ಆಗುತ್ತದೆ. ಅದೇ ತೀರ್ಪಿನ ಇನ್ನೊಂದು ಮಾತು ಅಷ್ಟಾಗಿ ಪ್ರಚಾರ ಪಡೆದಿಲ್ಲ. ಕಾಲೇಜು ಒಂದು ಸಲಕ್ಕೆ ಒಂದು ವರ್ಷದ ಅಥವಾ ಒಂದು ಸೆಮಿಸ್ಟರಿನ ಶುಲ್ಕವನ್ನಷ್ಟೇ ಪಡೆಯಬಹುದು. ವಿದ್ಯಾರ್ಥಿ ನಡುವೆ ಬಿಟ್ಟುಹೋಗುವ ಭಯವಿದ್ದರೆ ಹೆಚ್ಚೆಂದರೆ ಬಾಂಡ್ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳಬಹುದು. ಮೊದಲೇ ಹೆಚ್ಚು ಪಡೆದಿದ್ದರೆ ಆ ವರ್ಷದ್ದನ್ನು ಬಿಟ್ಟು ಉಳಿದದ್ದನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ನಾಲ್ಕು ವರ್ಷದ್ದನ್ನು ಈಗಲೇ ಕಟ್ಟಿದರೆ ರಿಯಾಯಿತಿ ಎಂದು ಯಾರಾದರೂ ಆಸೆ ಹಚ್ಚಿದರೆ ಇದು ನೆನಪಿರಲಿ.

ಈಗ ಆ ಚೀಟಿಯನ್ನೇ ಬಿಡಿಸಿ ನೋಡೋಣ. ಅಂಕಿಗಳನ್ನು ಲೆಕ್ಕ ತಿಳಿಯಲೆಂದು ದುಂಡಾಗಿ ಹಾಕಿಕೊಂಡಿದ್ದೇನೆ, ಯಾವ ಕಾಲೇಜಿನವೂ ಅಲ್ಲ. ಅಡ್ಮಿಷನ್ ಆರ್ಡರಿನಲ್ಲಿ ಶುಲ್ಕ 90,000 ರೂಪಾಯಿ ಎಂದಿದೆ, ಪೂರ್ತಿ ಕೆಇಎಗೆ ಪಾವತಿಯಾಗಿದೆ. ಕಾಲೇಜಿನ ಚೀಟಿಯಲ್ಲಿ ಇನ್ನೂ 52,000 ಇದೆ. ಅದರಲ್ಲಿ ವಿಶ್ವವಿದ್ಯಾಲಯದ ನೋಂದಣಿ 4,000, ಕಾಷನ್ ಡೆಪಾಸಿಟ್ 5,000, ಸ್ಕಿಲ್ ಲ್ಯಾಬ್ 25,000, ಪ್ಲೇಸ್‌ಮೆಂಟ್ ತರಬೇತಿ 10,000, ಸಮವಸ್ತ್ರ ಮತ್ತು ಪುಸ್ತಕದ ಕಿಟ್ 8,000.

ಇಡೀ 52,000ವೂ ಅಕ್ರಮ ಎಂದು ದೂರು ಬರೆದರೆ ಕಾಲೇಜಿನ ವಕೀಲರಿಗೆ ಕೆಲಸ ಸುಲಭವಾಗುತ್ತದೆ. ವಿಶ್ವವಿದ್ಯಾಲಯದ ನೋಂದಣಿ ಹಣವನ್ನು ಕಾಲೇಜು ಸಂಗ್ರಹಿಸಿ ವಿಶ್ವವಿದ್ಯಾಲಯಕ್ಕೆ ಕಟ್ಟುತ್ತದೆ, ಅಲ್ಲಿ ನೋಡಬೇಕಾದ್ದು ವಿಶ್ವವಿದ್ಯಾಲಯ ಪ್ರಕಟಿಸಿದ ದರಕ್ಕಿಂತ ಹೆಚ್ಚು ಪಡೆದಿದ್ದಾರೆಯೇ ಎಂದು ಮಾತ್ರ. ಕಾಷನ್ ಡೆಪಾಸಿಟ್ ಕೋರ್ಸು ಮುಗಿದ ಮೇಲೆ ಮರಳಬೇಕಾದ ಹಣ. ಅದರ ರಸೀದಿಯಲ್ಲಿ 'ಮರುಪಾವತಿಸತಕ್ಕದ್ದು' ಎಂದು ಇರಬೇಕು, ಎಷ್ಟೋ ಮನೆಗಳಲ್ಲಿ ನಾಲ್ಕು ವರ್ಷದ ನಂತರ ಆ ರಸೀದಿಯೂ ಇರುವುದಿಲ್ಲ, ಕೇಳಿದವರೂ ಇರುವುದಿಲ್ಲ. ಹಾಸ್ಟೆಲು, ಬಸ್ಸು ಬಳಸುವವರಿಗೆ ಅದರ ಶುಲ್ಕ ಬೇರೆ. ಹಾಸ್ಟೆಲಿಗೆ ಸೇರಿದರೆ ಮಾತ್ರ ಸೀಟು ಎಂದರೆ ಅದೂ ದೂರಿನ ವಿಷಯವೇ.

ಉಳಿದದ್ದು 43,000. ಪಾಠ ಹೇಳುವುದು, ಲ್ಯಾಬ್ ನಡೆಸುವುದು, ಕೆಲಸಕ್ಕೆ ಕಂಪನಿಗಳನ್ನು ಕರೆಸುವುದು ಕಾಲೇಜಿನ ಕೆಲಸವೇ ಆಗಿರುವಾಗ, ಅದಕ್ಕೆಂದು ಶುಲ್ಕ ಗೊತ್ತಾಗಿರುವಾಗ, ಕಡ್ಡಾಯವಾಗಿ ಮತ್ತೆ ಹಣ ಕೇಳುವುದು ಹೇಗೆ ಎಂಬ ಪ್ರಶ್ನೆ ಇಲ್ಲಿದೆ. ಆದರೆ ಇಲ್ಲೂ ಒಂದು ಎಚ್ಚರ ಬೇಕು. ಆಯಾ ವರ್ಷದ ಸರ್ಕಾರಿ ಆದೇಶದಲ್ಲಿ ಇತರೆ ಶುಲ್ಕಕ್ಕೆ ಮಿತಿ ಹಾಕಿ ಅಷ್ಟರ ಮಟ್ಟಿಗೆ ಅವಕಾಶ ಕೊಟ್ಟಿರಬಹುದು. ನಮ್ಮ ಉದಾಹರಣೆಯ ವರ್ಷದಲ್ಲಿ ಆ ಮಿತಿ 20,000 ಎಂದುಕೊಳ್ಳಿ. ಆಗ ಖಚಿತವಾಗಿ ಹೆಚ್ಚಾದದ್ದು 23,000. ದೂರಿನಲ್ಲಿ ಕೇಳಬೇಕಾದ ಮೊತ್ತ ಅದು. ನನ್ನನ್ನು ಕೇಳಿದರೆ 52,000ಕ್ಕೆ ಕೂಗಾಡುವುದಕ್ಕಿಂತ 23,000ಕ್ಕೆ ಲೆಕ್ಕ ತೋರಿಸುವುದು ಮೇಲು. ಸಮಿತಿಯ ಮುಂದೆ ಕೂರುವವರು ನ್ಯಾಯಮೂರ್ತಿಯೂ ಲೆಕ್ಕಿಗರೂ ಆಗಿರುವುದರಿಂದ ಅವರು ಮೊದಲು ಹುಡುಕುವುದು ಆ ಒಂದು ಅಂಕಿಯನ್ನೇ.

ಚೀಟಿಗಿಂತ ಹೆಚ್ಚು ಮಾತಾಡುವುದು ರಸೀದಿ. ಮೇಲಿನ ಉದಾಹರಣೆಯಲ್ಲಿ ಹಣ ಕಟ್ಟಿದ ಮೇಲೆ ಮೂರು ರಸೀದಿ ಬರುತ್ತವೆ ಎಂದುಕೊಳ್ಳೋಣ. ಕಾಲೇಜಿನ ಹೆಸರಿನಲ್ಲಿ 19,000ಕ್ಕೆ ಒಂದು. ಕಿಟ್‌ನ 8,000ಕ್ಕೆ ಅಂಗಡಿಯೊಂದರ ಬಿಲ್ಲು. ಸ್ಕಿಲ್ ಲ್ಯಾಬಿನ 25,000ಕ್ಕೆ ಟ್ರಸ್ಟಿನ ಹೆಸರಿನಲ್ಲಿ, 'ಸ್ವಇಚ್ಛೆಯಿಂದ ನೀಡಿದ ದೇಣಿಗೆ' ಎಂದು ಅಚ್ಚಾದ ರಸೀದಿ. ಚೀಟಿಯಲ್ಲಿ ಸ್ಕಿಲ್ ಲ್ಯಾಬ್ ಆಗಿದ್ದದ್ದು ರಸೀದಿಯಲ್ಲಿ ದೇಣಿಗೆಯಾಗಿದೆ. ಅಡ್ಮಿಷನ್ ದಿನವೇ, ಅಡ್ಮಿಷನ್ ಕೌಂಟರಿನಲ್ಲೇ, ಇಷ್ಟೇ ದುಂಡು ಮೊತ್ತವನ್ನು ಒಂದು ತರಗತಿಯ ಎಲ್ಲ ಅಪ್ಪಂದಿರೂ ಸ್ವಇಚ್ಛೆಯಿಂದ ಕೊಟ್ಟರು ಎಂದು ಯಾರು ನಂಬುತ್ತಾರೆ? ಆ ಚೀಟಿಯನ್ನು ಎಸೆಯದೆ ಇಟ್ಟುಕೊಂಡವರ ಕೈಯಲ್ಲಿ ಒಳ್ಳೆಯ ಪುರಾವೆ ಇದೆ. ಚೀಟಿಯನ್ನು ವಾಪಸ್ ಕಸಿದುಕೊಳ್ಳುವ ರೂಢಿಯೂ ಇರುವುದರಿಂದ ಕೈಗೆ ಬಂದ ಕೂಡಲೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳುವುದು ಒಳ್ಳೆಯದು.

ಕಟ್ಟಲೇಬೇಕಾದ ಪರಿಸ್ಥಿತಿ ಬಂದರೆ ನಗದು ಕೊಡದಿರುವುದು ಮುಖ್ಯ. ಡಿ.ಡಿ.ಯೋ ಬ್ಯಾಂಕ್ ವರ್ಗಾವಣೆಯೋ ಆದರೆ ಯಾರ ಖಾತೆಗೆ, ಯಾವತ್ತು, ಎಷ್ಟು ಎಂಬುದು ಅಳಿಯದಂತೆ ಉಳಿಯುತ್ತದೆ. ಖಾಸಗಿ ಮೆಡಿಕಲ್ ಕಾಲೇಜುಗಳು ನಗದಿನಲ್ಲಿ ಶುಲ್ಕ ಪಡೆಯುವುದನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸಂಪೂರ್ಣವಾಗಿ ನಿಷೇಧಿಸಿತು. ರಾಷ್ಟ್ರೀಯ ಶಿಕ್ಷಣ ಸಮಿತಿ ಟ್ರಸ್ಟ್ ಮತ್ತು ಶುಲ್ಕ ನಿಗದಿ ಸಮಿತಿಯ ನಡುವಿನ ಆ ಪ್ರಕರಣದಲ್ಲೇ, ಕ್ಯಾಪಿಟೇಶನ್ ಕೇಳುವವರ ಬಗ್ಗೆ ವಿದ್ಯಾರ್ಥಿಗಳು ಮಾಹಿತಿ ಕೊಡಲು ನ್ಯಾಯಾಲಯದ ಆಶ್ರಯದಲ್ಲಿ ವೆಬ್ ಪೋರ್ಟಲ್ ಇರಬೇಕು, ಅದರ ವಿವರವನ್ನು ಪ್ರವೇಶದ ಸಮಯದಲ್ಲಿ ಇಂಗ್ಲಿಷ್ ಮತ್ತು ಪ್ರಾದೇಶಿಕ ಭಾಷೆಯ ಪತ್ರಿಕೆಗಳಲ್ಲಿ ಪ್ರಕಟಿಸಬೇಕು ಎಂದೂ ಹೇಳಿತು. ಹಣ ಕಟ್ಟಿದ ದಿನವೇ ಪ್ರಾಂಶುಪಾಲರಿಗೆ ಎರಡು ಸಾಲಿನ ಇಮೇಲ್ ಕಳಿಸಿ, "ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದ್ದೇನೆ" ಎಂದು ದಾಖಲಿಸಿದರೆ ಮುಂದೆ 'ಸ್ವಇಚ್ಛೆ'ಯ ಮಾತು ನಿಲ್ಲುವುದಿಲ್ಲ.

ದೂರು ಯಾರಿಗೆ? ಕಾಲೇಜಿನೊಳಗೇ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕೆಂದು ಯುಜಿಸಿಯ 2023ರ ನಿಯಮ ಹೇಳುತ್ತದೆ. ಘೋಷಿಸಿದ್ದಕ್ಕಿಂತ ಹೆಚ್ಚು ಹಣ ಕೇಳುವುದನ್ನೂ ಮೂಲ ಅಂಕಪಟ್ಟಿ ತಡೆಹಿಡಿಯುವುದನ್ನೂ ಆ ನಿಯಮ ಹೆಸರಿಸಿಯೇ ಕುಂದುಕೊರತೆ ಎಂದು ಕರೆದಿದೆ. ಈ ಸಮಿತಿ ಹದಿನೈದು ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಒಪ್ಪಿಗೆಯಾಗದಿದ್ದರೆ ಹದಿನೈದು ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಬಹುದು. ಆದರೆ ಹಣ ಪಡೆದವರೇ ಕೂತ ಸಮಿತಿಯಿಂದ ಹಣ ಮರಳೀತೆಂದು ಕಾಯಬೇಕಿಲ್ಲ. ಇಲ್ಲಿ ಅರ್ಜಿ ಕೊಡುವ ಉದ್ದೇಶ, ನಾವು ಕೇಳಿದ್ದೆವು, ಅವರು ಕೊಡಲಿಲ್ಲ ಎಂಬುದಕ್ಕೆ ದಿನಾಂಕ ಸಮೇತ ಕಾಗದ ಸಿಗಲಿ ಎಂದು.

ಮುಖ್ಯ ದೂರು ಹೋಗಬೇಕಾದ್ದು ಶುಲ್ಕ ನಿಯಂತ್ರಣ ಸಮಿತಿಗೆ. ಪ್ರತಿಯನ್ನು ಮಲ್ಲೇಶ್ವರದ ಕೆಇಎಗೆ, ಉನ್ನತ ಶಿಕ್ಷಣ ಇಲಾಖೆಗೆ (ಮೆಡಿಕಲ್, ಡೆಂಟಲ್, ನರ್ಸಿಂಗ್ ಆದರೆ ವೈದ್ಯಕೀಯ ಶಿಕ್ಷಣ ಇಲಾಖೆಗೆ), ಸಂಯೋಜನೆ ಕೊಟ್ಟ ವಿಶ್ವವಿದ್ಯಾಲಯದ ಕುಲಸಚಿವರಿಗೆ ಕಳಿಸಬೇಕು. ಸರ್ಕಾರದ ಜನಸ್ಪಂದನ ವ್ಯವಸ್ಥೆಯಲ್ಲಿ, ಅಂದರೆ 1902ಕ್ಕೆ ಕರೆ ಮಾಡಿ ಅಥವಾ ipgrs.karnataka.gov.in ತಾಣದಲ್ಲಿ, ದೂರು ದಾಖಲಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಆ ಸಂಖ್ಯೆ ಕಡತವನ್ನು ಎಬ್ಬಿಸಲು ಉಪಯೋಗ, ಆದರೆ ಅದು ಸಮಿತಿಗೆ ಕೊಡುವ ದೂರಿಗೆ ಬದಲಿಯಲ್ಲ. ಶುಲ್ಕ ಎಷ್ಟಿರಬೇಕು ಎಂದು ಹೇಳುವ ಅಧಿಕಾರ ಜನಸ್ಪಂದನಕ್ಕಿಲ್ಲ, ಅದು ಅರ್ಜಿಯನ್ನು ಇಲಾಖೆಗೆ ದಾಟಿಸುತ್ತದೆ ಅಷ್ಟೆ.

ದೂರು ಒಂದು ಪುಟ ಮೀರಬೇಕಾಗಿಲ್ಲ. ನಮ್ಮ ಉದಾಹರಣೆಗೆ ಅದು ಹೆಚ್ಚುಕಡಿಮೆ ಹೀಗಿರುತ್ತದೆ:

"ನನ್ನ ಮಗಳು ಕೆಇಎ ಮೂಲಕ ಸರ್ಕಾರಿ ಕೋಟಾದಲ್ಲಿ ಸದರಿ ಕಾಲೇಜಿಗೆ ಪ್ರವೇಶ ಪಡೆದಿದ್ದಾಳೆ. ಪ್ರವೇಶ ಆದೇಶದಲ್ಲಿ ನಮೂದಿಸಿದ ರೂ. 90,000ವನ್ನು ಪ್ರಾಧಿಕಾರಕ್ಕೆ ಪಾವತಿಸಲಾಗಿದೆ (ಅಡಕ 1, 2). ವರದಿ ಮಾಡಿಕೊಂಡ ದಿನ ಕಾಲೇಜು ಹೆಚ್ಚುವರಿಯಾಗಿ ರೂ. 52,000 ಪಡೆದಿದೆ (ಅಡಕ 3ರಿಂದ 6). ಇದರಲ್ಲಿ ವಿಶ್ವವಿದ್ಯಾಲಯ ಶುಲ್ಕ ಮತ್ತು ಮರುಪಾವತಿಯಾಗುವ ಠೇವಣಿ ರೂ. 9,000ದ ಬಗ್ಗೆ ನನ್ನ ತಕರಾರಿಲ್ಲ. ಉಳಿದ ರೂ. 43,000 ಸರ್ಕಾರಿ ಆದೇಶದ ಮಿತಿಯನ್ನು ರೂ. 23,000ದಷ್ಟು ಮೀರಿದೆ. ಈ ಪೈಕಿ ರೂ. 25,000ಕ್ಕೆ ದೇಣಿಗೆ ಎಂದು ರಸೀದಿ ನೀಡಿದ್ದು, ಅದು ಸ್ವಇಚ್ಛೆಯಿಂದ ಕೊಟ್ಟದ್ದಲ್ಲ. ಹೆಚ್ಚುವರಿ ಮೊತ್ತವನ್ನು ಮರಳಿಸಲು ಹಾಗೂ ಮುಂದಿನ ವರ್ಷಗಳಲ್ಲಿ ಪಡೆಯದಂತೆ ನಿರ್ದೇಶಿಸಲು ಕೋರುತ್ತೇನೆ."

ಕೊನೆಯ ವಾಕ್ಯದ ಎರಡನೇ ಅರ್ಧವನ್ನು ಬಹಳ ಜನ ಬಿಡುತ್ತಾರೆ. ಒಂದು ವರ್ಷದ ಹಣ ಮರಳಿಸಿ ಮರುವರ್ಷ ಅದೇ ಚೀಟಿ ಕೊಟ್ಟರೆ ಮತ್ತೆ ಮೊದಲಿಂದ ಶುರುಮಾಡಬೇಕಾಗುತ್ತದೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ದಾಖಲೆಯನ್ನು ಮುದ್ರಿಸಿ ಇಟ್ಟುಕೊಳ್ಳಬೇಕು.

ಸರ್ಕಾರಿ ಆದೇಶದ ಪ್ರತಿಯೇ ಸಿಗುವುದಿಲ್ಲ, ಮಿತಿ ಎಷ್ಟೆಂದು ತಿಳಿಯುವುದು ಹೇಗೆ ಎಂದು ಕೇಳುವವರಿದ್ದಾರೆ. ಕೆಇಎ ತಾಣದಲ್ಲಿ ಆಯಾ ವರ್ಷದ ಶುಲ್ಕದ ಪಟ್ಟಿ ಪ್ರಕಟವಾಗುತ್ತದೆ. ಅದರಲ್ಲಿ ತಿಳಿಯದಿದ್ದರೆ ಮಾಹಿತಿ ಹಕ್ಕು ಇದೆ. ಖಾಸಗಿ ಕಾಲೇಜು ನೇರವಾಗಿ ಆ ಕಾಯ್ದೆಗೆ ಒಳಪಡುವುದಿಲ್ಲ ಎಂದು ವಾದಿಸಬಹುದು, ಆದರೆ ಸರ್ಕಾರಿ ಪ್ರಾಧಿಕಾರವೊಂದು ಕಾನೂನಿನ ಪ್ರಕಾರ ಖಾಸಗಿ ಸಂಸ್ಥೆಯಿಂದ ಪಡೆಯಬಹುದಾದ ಮಾಹಿತಿಯೂ 'ಮಾಹಿತಿ'ಯೇ ಎಂದು ಕಾಯ್ದೆಯ 2(ಎಫ್) ಹೇಳುತ್ತದೆ. ಹಾಗಾಗಿ ಅರ್ಜಿಯನ್ನು ಕಾಲೇಜಿಗೆ ಹಾಕದೆ ಇಲಾಖೆಗೆ ಅಥವಾ ಸಮಿತಿಗೆ ಹಾಕಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು, ಶುಲ್ಕ ಹತ್ತು ರೂಪಾಯಿ. ಇಂಥ ವರ್ಷಕ್ಕೆ ಇಂಥ ಕಾಲೇಜಿಗೆ ಅನ್ವಯಿಸುವ ಶುಲ್ಕ ಆದೇಶದ ಪ್ರತಿ ಕೊಡಿ ಎಂದು ಒಂದೇ ಸಾಲು ಕೇಳಿದರೆ ಸಾಕು. ಮೂವತ್ತು ದಿನದಲ್ಲಿ ಉತ್ತರ ಬರಬೇಕು.

ಹಣ ನಿಜಕ್ಕೂ ಮರಳುತ್ತದೆಯೇ ಎಂಬ ಅನುಮಾನ ಸಹಜ. ಪಕ್ಕದ ಆಂಧ್ರದ ಒಂದು ಪ್ರಕರಣ ಇಲ್ಲಿ ಹೇಳಬೇಕು. 2017ರಲ್ಲಿ ಅಲ್ಲಿನ ಸರ್ಕಾರ ಖಾಸಗಿ ಮೆಡಿಕಲ್ ಕಾಲೇಜುಗಳ ಶುಲ್ಕವನ್ನು, ಸಮಿತಿಯ ಶಿಫಾರಸಿಗೆ ಕಾಯದೆ, ವರ್ಷಕ್ಕೆ 24 ಲಕ್ಷಕ್ಕೆ ಏರಿಸಿತು. ಮೊದಲಿದ್ದುದರ ಏಳು ಪಟ್ಟು ಅದು. ವಿದ್ಯಾರ್ಥಿಗಳು ಹೈಕೋರ್ಟಿಗೆ ಹೋದರು, ಆದೇಶ ರದ್ದಾಯಿತು. ಕಾಲೇಜು ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ನವೆಂಬರಿನಲ್ಲಿ ಮೇಲ್ಮನವಿ ವಜಾ ಆಗಿ, ಹೆಚ್ಚು ಪಡೆದ ಹಣ ಮರಳಿಸಬೇಕೆಂಬ ಆದೇಶ ಗಟ್ಟಿಯಾಯಿತು. ಜೊತೆಗೆ ಐದು ಲಕ್ಷ ರೂಪಾಯಿ ದಂಡದ ವೆಚ್ಚವೂ ಬಿತ್ತು. ಹಣ ಬರುತ್ತದೆ, ಆದರೆ ಐದು ವರ್ಷ ಹಿಡಿಯಿತು ಎಂಬುದನ್ನೂ ಮುಚ್ಚಿಡಬಾರದು. ಅಷ್ಟರಲ್ಲಿ ಒಂದು ಎಂಬಿಬಿಎಸ್ ಬ್ಯಾಚೇ ಮುಗಿಯುತ್ತದೆ.

ಅಪ್ಪ ಅಮ್ಮಂದಿರನ್ನು ತಡೆಯುವುದು ಇದಕ್ಕಿಂತ ಹತ್ತಿರದ ಭಯ. ದೂರು ಕೊಟ್ಟರೆ ಮಗಳ ಇಂಟರ್ನಲ್ಸ್ ಅಂಕಕ್ಕೆ ಕತ್ತರಿ ಬೀಳುತ್ತದೆ, ಹಾಲ್ ಟಿಕೆಟ್ ನಿಲ್ಲಿಸುತ್ತಾರೆ, ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡ್ ಅವರ ಕಪಾಟಿನಲ್ಲಿದೆ. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ, ಪರಿಶೀಲಿಸಿ ಅಲ್ಲೇ ಮರಳಿಸಬೇಕು ಎಂದು ಯುಜಿಸಿ 2018ರಲ್ಲೇ ಹೇಳಿದೆ. ಹಾಗಿದ್ದರೂ ಭಯ ಸುಳ್ಳಲ್ಲ. ಅನಾಮಧೇಯ ಪತ್ರ ಬರೆದರೆ ಯಾರ ಹಣ, ಎಷ್ಟು ಹಣ ಎಂದು ಗೊತ್ತಾಗದೆ ಕಡತ ಅಲ್ಲೇ ಮುಚ್ಚುತ್ತದೆ. ನಾನು ಕಂಡಂತೆ ಕೆಲಸಕ್ಕೆ ಬರುವ ದಾರಿ ಒಂದೇ, ಗುಂಪಾಗಿ ಬರೆಯುವುದು. ಒಂದೇ ತರಗತಿಯ ಇಪ್ಪತ್ತು ಪೋಷಕರು ತಮ್ಮ ಹೆಸರಿನಲ್ಲಿ, ಮಕ್ಕಳ ಹೆಸರಿನಲ್ಲಲ್ಲ, ಸಹಿ ಹಾಕಿದ ದೂರಿಗೆ ತೂಕವಿರುತ್ತದೆ. ಇಪ್ಪತ್ತು ಮಂದಿಯ 'ಸ್ವಇಚ್ಛೆಯ ದೇಣಿಗೆ' ಒಂದೇ ದಿನ ಒಂದೇ ಮೊತ್ತದ್ದಾಗಿರುವುದು ತಾನಾಗಿಯೇ ಕಣ್ಣಿಗೆ ಹೊಡೆಯುತ್ತದೆ. ಎಂಟು ಲಕ್ಷದೊಳಗಿನ ಆದಾಯದ ಮನೆಗಳ ಮಕ್ಕಳಿಗೆ ಟ್ಯೂಷನ್ ಫೀ ಮನ್ನಾ ಮಾಡಿ ಕೊಡುವ ಎಸ್‌ಎನ್‌ಕ್ಯು ಸೀಟಿನವರು ಈ ಗುಂಪಿನಲ್ಲಿ ಇರಲೇಬೇಕು. ಮನ್ನಾ ಆದ ಹಣವನ್ನು ಬೇರೆ ಬಾಬಿನಲ್ಲಿ ತುಂಬಿಕೊಳ್ಳುವ ಆಸೆ ಹುಟ್ಟುವುದು ಆ ಸೀಟುಗಳ ಮೇಲೆಯೇ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಂದ, ಶುಲ್ಕ ಸರ್ಕಾರದಿಂದ ಬರಬೇಕಾಗಿದ್ದರೂ, ಈಗ ಕಟ್ಟಿ ಆಮೇಲೆ ಕೊಡುತ್ತೇವೆ ಎಂದು ಪಡೆಯುವುದೂ ಉಂಟು. ಅಂಥ ದೂರಿನ ಪ್ರತಿ ಸಮಾಜ ಕಲ್ಯಾಣ ಇಲಾಖೆಗೂ ಹೋಗಬೇಕು.

ಈ ಬಾಗಿಲುಗಳು ಎಲ್ಲರಿಗೂ ತೆರೆದಿಲ್ಲ. ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದವರು ಯುಜಿಸಿಯ ಕಡೆ ನೋಡಬೇಕು. ಮೆಡಿಕಲ್ ಆದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ಮಾರ್ಗಸೂಚಿ ಡೀಮ್ಡ್ ಸಂಸ್ಥೆಗಳಿಗೂ ಅನ್ವಯಿಸುತ್ತದೆಂದು ಹೇಳಿದೆ. ಖಾಸಗಿ ಶಾಲೆಯ ಫೀಸಿನ ಬಗ್ಗೆ ಬರುವ ಪ್ರಶ್ನೆಗಳೇ ನನಗೆ ಹೆಚ್ಚು, ಆದರೆ ಅಲ್ಲಿ ಉತ್ತರ ನಿರಾಶೆಯದು. ತಮಿಳುನಾಡು 2009ರ ಕಾಯ್ದೆಯಡಿ ಶಾಲೆಗಳಿಗೂ ನಿವೃತ್ತ ನ್ಯಾಯಮೂರ್ತಿಯ ಸಮಿತಿ ಮಾಡಿ ಶಾಲೆವಾರು ಶುಲ್ಕ ಗೊತ್ತುಮಾಡುತ್ತದೆ. ನಮ್ಮಲ್ಲಿ ಶಿಕ್ಷಣ ಕಾಯ್ದೆಯ ಶುಲ್ಕ ನಿಯಂತ್ರಣದ ಕಲಮುಗಳನ್ನು ಖಾಸಗಿ ಅನುದಾನರಹಿತ ಶಾಲೆಗಳ ಮಟ್ಟಿಗೆ ಹೈಕೋರ್ಟ್ 2023ರ ಜನವರಿಯಲ್ಲಿ ರದ್ದುಮಾಡಿತು. ಗ್ರಾಹಕರ ವೇದಿಕೆಗೆ ಹೋಗೋಣವೆಂದರೆ, ಶಿಕ್ಷಣ ಗ್ರಾಹಕ ಸೇವೆಯಲ್ಲ ಎಂದು 2020ರಲ್ಲಿ ರಾಷ್ಟ್ರೀಯ ಆಯೋಗದ ದೊಡ್ಡ ಪೀಠ ಹೇಳಿರುವುದರಿಂದ ಅಲ್ಲಿ ಹಾಕಿದ ಅರ್ಜಿ ಬಾಗಿಲಲ್ಲೇ ನಿಲ್ಲುವ ಸಂಭವ ಹೆಚ್ಚು.

ಸಮಿತಿಗೆ ದೂರು ಕೊಟ್ಟು ತಿಂಗಳುಗಟ್ಟಲೆ ಉತ್ತರವೇ ಬರದಿದ್ದರೆ ಉಳಿಯುವುದು ಹೈಕೋರ್ಟಿನ ರಿಟ್. ಅಲ್ಲಿ ಹಣ ವಾಪಸ್ ಕೊಡಿಸಿ ಎಂದು ಕೇಳುವುದಕ್ಕಿಂತ, ನನ್ನ ದೂರನ್ನು ಇಷ್ಟು ದಿನದೊಳಗೆ ತೀರ್ಮಾನಿಸಲು ಸಮಿತಿಗೆ ನಿರ್ದೇಶಿಸಿ ಎಂದು ಕೇಳಿದರೆ ಬೇಗ ಆದೇಶ ಸಿಗುತ್ತದೆ. ಉತ್ತರ ಕರ್ನಾಟಕದವರು ಇದಕ್ಕಾಗಿ ಬೆಂಗಳೂರಿಗೆ ಬರಬೇಕಿಲ್ಲ, ಧಾರವಾಡದಲ್ಲೂ ಕಲಬುರಗಿಯಲ್ಲೂ ಪೀಠವಿದೆ. ವಕೀಲರ ಖರ್ಚಿನ ಚಿಂತೆ ಇದ್ದರೆ, ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೆಂದು ಕೇಳದೆ ಉಚಿತ ವಕೀಲರನ್ನು ಕೊಡುತ್ತದೆ. ಅರ್ಜಿದಾರಳಾಗಿ ಮಗಳೇ ಸಹಿ ಹಾಕಿದರೆ ಆ ಸೌಲಭ್ಯ ಅವಳಿಗೆ ಸಿಗುತ್ತದೆ. ಅದಕ್ಕೆ ಅರ್ಜಿ ಕೊಡಬೇಕಾದ್ದು ಆಯಾ ಪೀಠದಲ್ಲಿರುವ ಹೈಕೋರ್ಟ್ ಕಾನೂನು ಸೇವೆಗಳ ಸಮಿತಿಗೆ, ಜೊತೆಗಿಡಬೇಕಾದ ಕಾಗದಗಳು ಮೊದಲು ಜೋಡಿಸಿಟ್ಟ ಅವೇ ಆರು ಅಡಕಗಳು.